ಬೀಗ ಬಸ್ಸಿಗಿದೆ, ಬಸ್‌ಸ್ಟ್ಯಾಂಡಿಗಿಲ್ಲ

"ಮೇಲಿಗೆ ಹಾಕಿಬಿಡಣ್ಣ, ಮೇಲ್ ಸೇಫು."

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕಿನಲ್ಲಿ ಸುದ್ದಿ ಕೆಲಸ ಮಾಡುವ ನಮ್ಮಲ್ಲಿ ಈ ಮಾತು ಹೇಳದವರು ಯಾರೂ ಇರಲಿಕ್ಕಿಲ್ಲ. ನಾನೂ ಹೇಳಿದ್ದೇನೆ. ದಾಖಲೆ ಹಿಡಿದು ಬಂದವರು ಅನುಮಾನದಿಂದ ಮುಖ ನೋಡಿದಾಗ, ಅವರ ಭಯ ಹೋಗಲಿ ಎಂದು ಇನ್ನೊಂದು ಮಾತನ್ನೂ ಸೇರಿಸಿದ್ದೇನೆ: "ಎನ್‌ಕ್ರಿಪ್ಟ್ ಆಗಿ ಹೋಗತ್ತೆ, ಯಾರೂ ಓದಕ್ಕಾಗಲ್ಲ." ಇದರಲ್ಲಿ ಮೊದಲರ್ಧ ನಿಜ, ಎರಡನೇ ಅರ್ಧ ಸುಳ್ಳು. ಆ ಸುಳ್ಳಿನ ಬೆಲೆ ತೆರುವವರು ನಾವಲ್ಲ, ದಾಖಲೆ ಕೊಟ್ಟವರು.

ನನಗೆ ಇದು ಗೊತ್ತಾಗಿದ್ದು ಪುಸ್ತಕ ಓದಿ ಅಲ್ಲ. ನಮ್ಮ ಕಡೆಯ ಒಂದು ಗ್ರಾಮ ಪಂಚಾಯ್ತಿಯ ಹೊರಗುತ್ತಿಗೆ ನೌಕರರೊಬ್ಬರು ನರೇಗಾ ಕೆಲಸದ ಅಳತೆ ಪುಸ್ತಕದ ಪುಟಗಳನ್ನು ಫೋಟೋ ಹಿಡಿದಿದ್ದರು. ಆಗದ ಬದುವಿಗೆ ಬಿಲ್ ಆದ ಕತೆ ಅದು. ನಾನು ಆಗ ಕೆಲಸ ಮಾಡುತ್ತಿದ್ದ ಸಣ್ಣ ವಾರಪತ್ರಿಕೆಗೆ ಸ್ವಂತ ವೆಬ್‌ಸೈಟು, ಅದೇ ಹೆಸರಿನ ಇಮೇಲ್ ವಿಳಾಸ ಇತ್ತು. ಅಲ್ಲಿಗೆ ಕಳಿಸಿ ಎಂದೆ. ಕಳಿಸಿದರು. ವರದಿ ಬರೆಯುವ ಮೊದಲೇ, ಮೂರನೇ ದಿನ, ಬಿಲ್ ಎತ್ತಿದ ಗುತ್ತಿಗೆದಾರರೇ ಅವರನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ, "ಏಳು ಫೋಟೋ ಕಳಿಸೀಯಂತಲ್ಲಪ್ಪ" ಎಂದರು. ಏಳೇ ಫೋಟೋ ಇದ್ದದ್ದು. ಮುಂದಿನ ಸಲ ಅವರ ಕೆಲಸ ಮುಂದುವರಿಯಲಿಲ್ಲ.

ಮೊದಲು ನಾವು "ಹ್ಯಾಕ್ ಆಗಿದೆ" ಎಂದುಕೊಂಡೆವು. ಹ್ಯಾಕ್ ಆಗಿರಲಿಲ್ಲ. ಎಲ್ಲ ಬೀಗಗಳೂ ಸರಿಯಾಗಿಯೇ ಬಿದ್ದಿದ್ದವು. ಬೀಗ ಬಿದ್ದಿದ್ದು ಎಲ್ಲಿಂದ ಎಲ್ಲಿಗೆ ಎನ್ನುವುದನ್ನಷ್ಟೇ ನಾವು ಯಾರೂ ಕೇಳಿರಲಿಲ್ಲ.

ಬಸ್ಸಿಗೆ ಹಾಕಿದ ಕವರು

ಹಳೆಯ ವರದಿಗಾರರಿಗೆ ನೆನಪಿರುತ್ತದೆ. ಇಮೇಲ್, ಫ್ಯಾಕ್ಸ್ ಇಲ್ಲದ ಕಾಲದಲ್ಲಿ ಸುದ್ದಿ ಬರೆದು ಕವರಿನಲ್ಲಿಟ್ಟು ಸಂಜೆಯ ಬಸ್ಸಿಗೆ ಹಾಕುತ್ತಿದ್ದರು. ಹರಪನಹಳ್ಳಿಯವರು ದಾವಣಗೆರೆ ಬಸ್ಸಿಗೆ, ಕೂಡ್ಲಿಗಿಯವರು ಬಳ್ಳಾರಿ ಬಸ್ಸಿಗೆ. ಆ ಕಡೆ ಪತ್ರಿಕೆಯ ಹುಡುಗ ಬಂದು ಇಳಿಸಿಕೊಳ್ಳುತ್ತಿದ್ದ. ಈಗ ಕೊಟ್ಟೂರಿನಿಂದ ಬೆಂಗಳೂರಿಗೆ ಹೋಗುವ ಕವರೊಂದನ್ನು ಊಹಿಸಿಕೊಳ್ಳಿ. ಬಸ್ಸು ಓಡುವಾಗ ಕವರು ಉಕ್ಕಿನ ಪೆಟ್ಟಿಗೆಯಲ್ಲಿರುತ್ತದೆ, ದಾರಿಯಲ್ಲಿ ಯಾರೂ ಮುಟ್ಟುವಂತಿಲ್ಲ. ಆದರೆ ದಾವಣಗೆರೆಯಲ್ಲಿ ಬಸ್ ಬದಲಾಗುವಾಗ ಅಲ್ಲಿನವರು ಪೆಟ್ಟಿಗೆ ತೆಗೆಯುತ್ತಾರೆ, ಕವರು ಹೊರಗಿಡುತ್ತಾರೆ, ಒಂದು ಪ್ರತಿ ತಮ್ಮ ಬೀರುವಿನಲ್ಲಿಟ್ಟುಕೊಳ್ಳುತ್ತಾರೆ, ಇನ್ನೊಂದು ಬಸ್ಸಿನ ಇನ್ನೊಂದು ಪೆಟ್ಟಿಗೆಗೆ ಹಾಕುತ್ತಾರೆ. ಇಮೇಲಿನ ಸಾಗಣೆ ಬೀಗ, ಅಂದರೆ ಟಿಎಲ್‌ಎಸ್ ಎಂಬ ಏರ್ಪಾಡು, ಹೀಗೆಯೇ ಇದೆ. ಅದು ಬಸ್ಸಿನ ಪೆಟ್ಟಿಗೆ. ಬಸ್‌ಸ್ಟ್ಯಾಂಡಿನ ಬೀರುವಿಗೂ ಅದಕ್ಕೂ ಸಂಬಂಧವಿಲ್ಲ.

ಒಂದು ಮೇಲ್ ಸಾಮಾನ್ಯವಾಗಿ ಮೂರು ಬಸ್ ಹತ್ತುತ್ತದೆ. ನಿಮ್ಮ ಫೋನಿನಿಂದ ನಿಮ್ಮ ಮೇಲ್ ಕಂಪನಿಯ ಸರ್ವರಿಗೆ ಒಂದು. ಆ ಸರ್ವರಿನಿಂದ ಎದುರಿನವರ ಮೇಲ್ ಕಂಪನಿಯ ಸರ್ವರಿಗೆ ಎರಡು. ಅಲ್ಲಿಂದ ಎದುರಿನವರ ಫೋನಿಗೆ ಮೂರು. ಪ್ರತಿ ಓಟಕ್ಕೂ ಬೇರೆ ಬೀಗ, ಬೇರೆ ಕೀಲಿ. ಮಧ್ಯದ ಎರಡೂ ನಿಲ್ದಾಣಗಳಲ್ಲಿ ಮೇಲ್ ಬಿಚ್ಚಿದ ಕಾಗದವಾಗಿರುತ್ತದೆ. ಯಾರೋ ಕಳ್ಳತನ ಮಾಡಿದ್ದರಿಂದ ಹೀಗಾಗುವುದಲ್ಲ, ಇಮೇಲ್ ಕೆಲಸ ಮಾಡುವ ರೀತಿಯೇ ಇದು.

ಹಾಗಾದರೆ ಈ ಬೀಗದಿಂದ ಲಾಭವೇ ಇಲ್ಲವೇ? ಇದೆ, ದೊಡ್ಡ ಲಾಭ ಇದೆ. ಲಾಡ್ಜಿನ ವೈಫೈಯಲ್ಲಿ ಕೂತು ಮೇಲ್ ಕಳಿಸಿದರೆ ಆ ವೈಫೈ ಹಾಕಿದವರಿಗೆ ನಿಮ್ಮ ಅಕ್ಷರ ಕಾಣುವುದಿಲ್ಲ. ಊರಿಗೆ ಫೈಬರ್ ಎಳೆದ ಕೇಬಲ್‌ನವರಿಗೆ ಕಾಣುವುದಿಲ್ಲ. ಮೊಬೈಲ್ ಕಂಪನಿಗೂ ಕಾಣುವುದಿಲ್ಲ. ನೀವು ಯಾವ ಮೇಲ್ ಕಂಪನಿಯ ಜೊತೆ ಮಾತಾಡುತ್ತಿದ್ದೀರಿ, ಎಷ್ಟು ಹೊತ್ತಿಗೆ, ಸುಮಾರು ಎಷ್ಟು ಡಾಟಾ ಹೋಯಿತು ಎನ್ನುವಷ್ಟು ಮಾತ್ರ ಅವರಿಗೆ ಸಿಗುತ್ತದೆ. ದಾರಿಗಳ್ಳರಿಂದ ರಕ್ಷಣೆ ಬೇಕಾದವರಿಗೆ ಇಷ್ಟು ಸಾಕು. ಆದರೆ ನಮ್ಮ ಸುದ್ದಿಮೂಲಗಳು ಹೆದರುವುದು ದಾರಿಗಳ್ಳರಿಗಲ್ಲ.

ಬೀಗ ಬಿದ್ದಿದೆಯೋ ಇಲ್ಲವೋ ನೋಡುವುದು

ಆ ವಾರಪತ್ರಿಕೆಯ ವಿಳಾಸದಿಂದ ನನ್ನ ಸ್ವಂತ ಜಿಮೇಲಿಗೆ ಅದೇ ಫೋಟೋಗಳನ್ನು ಮುಂದೆ ಕಳಿಸಿಕೊಂಡಿದ್ದೆ. ಆಮೇಲೆ ಕೂತು ಅದರ ತಲೆಬರಹ ಬಿಚ್ಚಿ ನೋಡಿದೆ. ನೀವೂ ನೋಡಬಹುದು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೇಲಿನ ಬಲಗಡೆಯ ಮೂರು ಚುಕ್ಕಿ ಒತ್ತಿ, `Show original` ಆರಿಸಿ. ಉದ್ದುದ್ದ ಸಾಲುಗಳ ನಡುವೆ ಹೀಗೊಂದು ಕಾಣುತ್ತದೆ. ವಿಳಾಸ, ಸಂಖ್ಯೆ, ದಿನಾಂಕಗಳನ್ನು ಇಲ್ಲಿ ಬದಲಿಸಿದ್ದೇನೆ:

```
Received: from mail.patrike.example ([203.0.113.25])
  by mx.google.com with ESMTPS
  (version=TLS1_3 cipher=TLS_AES_256_GCM_SHA384);
  Tue, 11 Mar 2025 07:14:22 -0700 (PDT)
```

ಇದು ನಿಲ್ದಾಣದ ರಿಜಿಸ್ಟರಿನ ಒಂದು ಸಾಲು. ಯಾರಿಂದ ಬಂತು, ಯಾರು ಇಳಿಸಿಕೊಂಡರು, ಹೇಗೆ ಬಂತು, ಯಾವಾಗ ಬಂತು. ಗಂಟೆ ಅಮೆರಿಕದ ಪಶ್ಚಿಮ ಕರಾವಳಿಯದು, ನಮ್ಮ ಲೆಕ್ಕದಲ್ಲಿ ಸಂಜೆ 7.44. ನೋಡಬೇಕಾದ ಪದ `ESMTPS`. ಕೊನೆಯ `S` ಇದ್ದರೆ ಆ ಓಟದಲ್ಲಿ ಪೆಟ್ಟಿಗೆಗೆ ಬೀಗ ಇತ್ತು. ಬರೀ `ESMTP` ಅಥವಾ `SMTP` ಎಂದಿದ್ದು, ಪಕ್ಕದಲ್ಲಿ `TLS` ಎಂಬ ಸುದ್ದಿಯೇ ಇಲ್ಲದಿದ್ದರೆ ಮೇಲ್ ಬಯಲಲ್ಲಿ ಬಂದಿದೆ ಎಂದು ತಿಳಿಯಬಹುದು. ಇಷ್ಟೆಲ್ಲ ಬೇಡವೆಂದರೆ, ಕಂಪ್ಯೂಟರಿನ ಜಿಮೇಲಿನಲ್ಲಿ ಕಳಿಸಿದವರ ಹೆಸರಿನ ಕೆಳಗಿನ ಸಣ್ಣ ಬಾಣ ಒತ್ತಿದರೂ `Standard encryption (TLS)` ಎಂದು ತೋರಿಸುತ್ತದೆ. ಬೀಗವಿಲ್ಲದೆ ಬಂದ ಮೇಲಿಗೆ 2016ರಿಂದ ಕೆಂಪು ತೆರೆದ ಬೀಗದ ಚಿತ್ರ ಬರುತ್ತದೆ.

ಎರಡು ಎಚ್ಚರಿಕೆ. ಆ ಸಾಲನ್ನು ಬರೆಯುವುದು ಇಳಿಸಿಕೊಂಡ ಸರ್ವರು. ಆದ್ದರಿಂದ ನಿಮ್ಮ ಕಂಪನಿ ಬರೆದ ಮೇಲಿನ ಸಾಲನ್ನು ನಂಬಬಹುದು, ಕೆಳಗಿನ ಹಳೆಯ ಸಾಲುಗಳನ್ನು ಬೇಕಾದವರು ಸುಳ್ಳೇ ಬರೆದಿರಬಹುದು. ಎರಡನೆಯದು, ಆ `S` ಒಂದು ಓಟದ ಲೆಕ್ಕ ಮಾತ್ರ. ಬಸ್ಸಿನಿಂದ ಇಳಿದ ಮೇಲೆ ಏನಾಯಿತು ಎಂದು ಅದು ಹೇಳುವುದಿಲ್ಲ.

ನನ್ನ ಮೇಲಿನಲ್ಲಿ ಆ `S` ಇತ್ತು. ನಮ್ಮ ಗೆಳೆಯರ ಫೋನಿನಿಂದ ಪತ್ರಿಕೆಯ ವಿಳಾಸಕ್ಕೆ ಹೋದ ಮೊದಲ ಮೇಲಿನಲ್ಲೂ ಇತ್ತು. ಆಮೇಲೆ ಪತ್ರಿಕೆಯ ವೆಬ್‌ಸೈಟಿನ ಹಿಂದಿನ ಕೋಣೆಗೆ, ಅಂದರೆ ಹೋಸ್ಟಿಂಗಿನವರು ಕೊಡುವ ಸಿಪ್ಯಾನೆಲ್ ಎಂಬ ಪುಟಕ್ಕೆ ಹೋದೆವು. ಅಲ್ಲಿ `Forwarders` ಎಂಬ ಜಾಗದಲ್ಲಿ ಒಂದು ಸಾಲು ಕೂತಿತ್ತು. ಪತ್ರಿಕೆಯ ವಿಳಾಸಕ್ಕೆ ಬರುವ ಪ್ರತಿ ಮೇಲಿನ ಒಂದು ಪ್ರತಿ ಇನ್ನೊಂದು ಜಿಮೇಲಿಗೆ ತಾನೇ ತಾನಾಗಿ ಹೋಗುತ್ತಿತ್ತು. ಅದು ಎರಡು ವರ್ಷದ ಹಿಂದೆಯೇ ಜಗಳವಾಡಿ ಪತ್ರಿಕೆ ಬಿಟ್ಟುಹೋದ ಪಾಲುದಾರರ ವಿಳಾಸ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಶುರುವಿನಲ್ಲೇ ಹಾಕಿಕೊಟ್ಟಿದ್ದ, ತೆಗೆಯಿರಿ ಎಂದು ಯಾರೂ ಹೇಳಿರಲಿಲ್ಲ. ಫೋಟೋಗಳು ಅಲ್ಲಿಂದಲೇ ಹೋದವು ಎಂದು ಕೋರ್ಟಿನಲ್ಲಿ ನಾನು ಸಾಬೀತು ಮಾಡಲಾರೆ. ಆದರೆ ಆ ಪ್ರತಿಯೂ ಗೂಗಲಿಗೆ `ESMTPS` ಆಗಿಯೇ ಹೋಗಿತ್ತು. ಬೇಡದವರ ಕೈಗೆ ಕೂಡ ಭದ್ರವಾಗಿ ತಲುಪಿಸುವುದೇ ಸಾಗಣೆ ಬೀಗದ ಕೆಲಸ.

ಸಣ್ಣ ಪತ್ರಿಕೆಗಳ ಇಂಥ ವಿಳಾಸಗಳ ಬಗ್ಗೆ ಇನ್ನೊಂದು ಮಾತು. ಹೋಸ್ಟಿಂಗ್ ಸರ್ವರಿನಲ್ಲಿ ಸಾಮಾನ್ಯವಾಗಿ ಪ್ರತಿ ಮೇಲೂ `mail` ಎಂಬ ಫೋಲ್ಡರಿನ ಒಳಗೆ ಒಂದೊಂದು ಸಾದಾ ಫೈಲಾಗಿ ಕೂತಿರುತ್ತದೆ. ಸಿಪ್ಯಾನೆಲ್ಲಿನ ಪಾಸ್‌ವರ್ಡ್ ಯಾರ ಹತ್ತಿರ ಇದೆಯೋ ಅವರು ನಿಮ್ಮ ಇನ್‌ಬಾಕ್ಸಿನ ಪಾಸ್‌ವರ್ಡ್ ಇಲ್ಲದೆಯೂ ಓದಬಹುದು. ನಮ್ಮ ಕಡೆ ಆ ಪಾಸ್‌ವರ್ಡ್ ಇರುವುದು ಸಂಪಾದಕರ ಹತ್ತಿರವಲ್ಲ, ವೆಬ್‌ಸೈಟ್ ಮಾಡಿಕೊಟ್ಟವರ ಹತ್ತಿರ. "ಮೇಲ್ ಕಂಪನಿ" ಎಂದರೆ ಅಮೆರಿಕದ ಗೂಗಲ್ ಎಂದಷ್ಟೇ ತಿಳಿಯಬೇಡಿ. ಅದು ಹೊಸಪೇಟೆಯಲ್ಲಿ ಕೂತ ಒಬ್ಬ ಹುಡುಗನೂ ಆಗಿರಬಹುದು.

ಬೀಗ ಇಲ್ಲದಿದ್ದರೂ ಬಸ್ಸು ಹೊರಡುತ್ತದೆ

ಎರಡನೇ ಬಸ್ಸಿನ ಬೀಗ, ಅಂದರೆ ಕಂಪನಿಯಿಂದ ಕಂಪನಿಗೆ ಹೋಗುವಾಗಿನದು, ನಾವು ತಿಳಿದಷ್ಟು ಗಟ್ಟಿಯಲ್ಲ. ಮೇಲ್ ಸಾಗಿಸುವ ನಿಯಮ 1982ರದು. ಆಗ ಬೀಗದ ಯೋಚನೆಯೇ ಇರಲಿಲ್ಲ. ಆಮೇಲೆ ಬೀಗವನ್ನು ಹಳೆಯ ಬಸ್ಸಿಗೇ ಜೋಡಿಸಿದರು. ಎರಡು ಸರ್ವರುಗಳು ಮೊದಲು ಬಯಲಲ್ಲೇ ಮಾತಾಡಿಕೊಳ್ಳುತ್ತವೆ. ಇಳಿಸಿಕೊಳ್ಳುವ ಸರ್ವರು ತನಗೆ ಏನೇನು ಬರುತ್ತದೆ ಎಂದು ಪಟ್ಟಿ ಹೇಳುತ್ತದೆ:

```
S: 250-mx.patrike.example
S: 250-SIZE 35882577
S: 250 STARTTLS
C: STARTTLS
S: 220 Ready to start TLS
```

`STARTTLS` ಎಂಬ ಸಾಲು ಕಂಡರೆ ಕಳಿಸುವ ಸರ್ವರು "ಸರಿ, ಬೀಗ ಹಾಕೋಣ" ಎನ್ನುತ್ತದೆ. ಕಾಣದಿದ್ದರೆ ಸಾಮಾನ್ಯವಾಗಿ ಏನು ಮಾಡುತ್ತದೆ? ಮೇಲನ್ನು ವಾಪಸ್ ಕಳಿಸುವುದಿಲ್ಲ. ಬೀಗ ಇಲ್ಲದೆಯೇ ಹೊರಟುಬಿಡುತ್ತದೆ. ತಲುಪುವುದು ಮುಖ್ಯ, ಗುಟ್ಟು ಆಮೇಲೆ ಎನ್ನುವುದು ಇಮೇಲಿನ ಹಳೆಯ ಧರ್ಮ. ದಾರಿಯ ನಡುವೆ ಕೂತವನೊಬ್ಬ ಆ ಒಂದು ಸಾಲನ್ನು ಅಳಿಸಿಬಿಟ್ಟರೆ ಎರಡೂ ಕಡೆಯವರಿಗೆ ತಿಳಿಯದಂತೆ ಬೀಗ ಮಾಯ. ಇದು ಬರೀ ಊಹೆಯಲ್ಲ. 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಟ್ಯುನೀಶಿಯಾದಿಂದ ಜಿಮೇಲಿಗೆ ಬರುವ ಮೇಲುಗಳಲ್ಲಿ ನೂರಕ್ಕೆ 96ರಷ್ಟು ಹೀಗೆ ಬೀಗ ಕಳಚಿಕೊಂಡು ಬರುತ್ತಿದ್ದುದನ್ನು ತೋರಿಸಿತು. ಬೀಗವಿಲ್ಲದಿದ್ದರೆ ನನಗೆ ಕಳಿಸಲೇಬೇಡಿ ಎಂದು ಡೊಮೇನಿನವರೇ ಮೊದಲೇ ಸಾರಿಬಿಡುವ ಎಂಟಿಎ-ಎಸ್‌ಟಿಎಸ್ ಎಂಬ ನಿಯಮ ಬಂದದ್ದು 2018ರಲ್ಲಿ. ಗೂಗಲ್ ಅದನ್ನು ಪಾಲಿಸುತ್ತದೆ. ಅಗ್ಗದ ಹೋಸ್ಟಿಂಗಿನ ಸಣ್ಣ ಪತ್ರಿಕೆ ಅದನ್ನು ತಾನೇ ಹೇಳಿ ಹಾಕಿಸಿಕೊಳ್ಳಬೇಕು.

ಕಂಪನಿ ಏನೇನು ಓದಬಲ್ಲದು

"ಗೂಗಲಿನವರು ಲಾಕರಿನಲ್ಲಿ ಎನ್‌ಕ್ರಿಪ್ಟ್ ಮಾಡಿಯೇ ಇಡುತ್ತಾರಂತಲ್ಲ" ಎಂದು ನಮ್ಮ ಗೆಳೆಯರೊಬ್ಬರು ವಾದಿಸಿದರು. ಹೌದು, ಇಡುತ್ತಾರೆ. ಆ ಲಾಕರಿನ ಕೀಲಿ ಅವರ ಹತ್ತಿರವೇ ಇದೆ. ಡಿಸ್ಕ್ ಕದ್ದು ಒಯ್ದವನಿಗೆ ಏನೂ ಸಿಗುವುದಿಲ್ಲ, ಕೀಲಿ ಇರುವ ಕಂಪನಿಗೆ ಎಲ್ಲ ಸಿಗುತ್ತದೆ.

ಇದಕ್ಕೆ ಯಾವ ತಜ್ಞರ ಸಾಕ್ಷಿಯೂ ಬೇಡ. ನಿಮ್ಮ ಜಿಮೇಲಿನ ಹುಡುಕುವ ಜಾಗದಲ್ಲಿ, ಯಾವುದೋ ಹಳೆಯ ಪಿಡಿಎಫ್ ಒಳಗೆ ಮಾತ್ರ ಇರುವ ಒಂದು ಪದ ಹಾಕಿ ನೋಡಿ. ಎಷ್ಟೋ ಸಲ ಆ ಮೇಲ್ ಸಿಕ್ಕಿಬಿಡುತ್ತದೆ. ಹುಡುಕಿದ್ದು ನಿಮ್ಮ ಫೋನಲ್ಲ, ಅವರ ಸರ್ವರು. ಓದದೆ ಹುಡುಕಲಾಗುವುದಿಲ್ಲ. ಸ್ಪ್ಯಾಮ್ ಬೇರ್ಪಡಿಸುವುದು, ರೈಲು ಟಿಕೆಟಿನ ಮೇಲ್ ಬಂದರೆ ಕ್ಯಾಲೆಂಡರಿಗೆ ತಾನೇ ಸೇರಿಸುವುದು ಎಲ್ಲವೂ ಒಳಗಿನ ಅಕ್ಷರ ನೋಡಿಯೇ ಆಗಬೇಕು. ಇದಕ್ಕೆ ವಿರುದ್ಧದ ಸಾಕ್ಷಿಯೂ ಇದೆ. ಪಾಸ್‌ವರ್ಡ್ ಹಾಕಿದ ಜಿಪ್ ಫೈಲು ಬಂದರೆ ಜಿಮೇಲ್ `Encrypted attachment warning` ಎಂದು ಹಳದಿ ಪಟ್ಟಿ ತೋರಿಸುವುದುಂಟು. ಇದರೊಳಗೆ ಏನಿದೆ ಎಂದು ನಮಗೆ ನೋಡಲಾಗಲಿಲ್ಲ ಎನ್ನುವುದು ಅದರ ಅರ್ಥ. ಆ ಪಟ್ಟಿ ಇಲ್ಲದ ಫೈಲುಗಳ ಕತೆ ಏನು ಎಂದು ನೀವೇ ತಿಳಿದುಕೊಳ್ಳಿ.

ಹೀಗೆ ಕಂಪನಿಗೆ ಕಾಣುವುದು ಮೇಲಿನ ವಿಷಯ, ಒಳಗಿನ ಬರಹ, ಅಟ್ಯಾಚ್‌ಮೆಂಟ್, ಕಳಿಸದೆ ಬಿಟ್ಟ ಡ್ರಾಫ್ಟ್. ಜೊತೆಗೆ ಯಾರು ಯಾರಿಗೆ ಯಾವಾಗ ಬರೆದರು, ಯಾವ ಐಪಿ ವಿಳಾಸದಿಂದ ಲಾಗಿನ್ ಆದರು ಎಂಬ ಲೆಕ್ಕ. 2018ರಲ್ಲಿ ಜಿಮೇಲ್ ತಂದ `Confidential mode` ಹಾಕಿದರೂ ಇದು ಬದಲಾಗುವುದಿಲ್ಲ. ಆ ಮೇಲನ್ನು ಎದುರಿನವರು ಮುಂದೆ ಕಳಿಸದಂತೆ ತಡೆಯುತ್ತದೆ ಅಷ್ಟೆ. ಗೂಗಲ್ ಓದದಂತೆ ತಡೆಯುವುದಿಲ್ಲ, ಎದುರಿನವರು ಸ್ಕ್ರೀನ್‌ಶಾಟ್ ತೆಗೆಯುವುದನ್ನೂ ತಡೆಯಲಾರದು. ನಮ್ಮಲ್ಲಿ ಎಷ್ಟೋ ಜನ ಆ ಹೆಸರು ನೋಡಿಯೇ ಮೋಸಹೋಗಿದ್ದಾರೆ.

"ಓದಬಲ್ಲರು" ಎಂದರೆ "ಕೂತು ಓದುತ್ತಿದ್ದಾರೆ" ಎಂದಲ್ಲ. ಜಾಹೀರಾತಿಗಾಗಿ ಮೇಲಿನ ಒಳಗಿನ ವಿಷಯ ನೋಡುವುದನ್ನು ಬಿಡುತ್ತೇವೆಂದು ಗೂಗಲ್ 2017ರಲ್ಲಿ ಹೇಳಿತು. ಬಿಡುತ್ತೇವೆ ಎಂದು ಹೇಳಬೇಕಾಯಿತು ಎಂದರೆ ಅಲ್ಲಿಯವರೆಗೆ ನೋಡುತ್ತಿದ್ದರು, ಯಾವ ಸಾಗಣೆ ಬೀಗವೂ ಅದಕ್ಕೆ ಅಡ್ಡ ಬಂದಿರಲಿಲ್ಲ ಎಂದಾಯಿತು. 2015ರಲ್ಲಿ ಅಮೆರಿಕ ಸರ್ಕಾರದ ಬೇಡಿಕೆಗೆ ಒಪ್ಪಿ ಯಾಹೂ ತನ್ನ ಬಳಕೆದಾರರಿಗೆ ಬರುವ ಮೇಲುಗಳನ್ನೆಲ್ಲ ಜಾಲಿಸಿತ್ತು ಎಂದು ರಾಯಿಟರ್ಸ್ 2016ರಲ್ಲಿ ವರದಿ ಮಾಡಿತು. ಓದುವುದು ಬಿಡುವುದು ಕಂಪನಿಯ ನೀತಿ ಮತ್ತು ಅದರ ಮೇಲಿನ ಕಾನೂನಿಗೆ ಬಿಟ್ಟದ್ದು. ಬೀಗಕ್ಕೆ ಅದರಲ್ಲಿ ಮಾತಿಲ್ಲ.

ಕೇಳಿದರೆ ಕೊಡಬೇಕು

ಆ ಕಾನೂನು ನಮ್ಮಲ್ಲಿ ಹೇಗಿದೆ? ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಕೇಂದ್ರದ ಗೃಹ ಕಾರ್ಯದರ್ಶಿಯಷ್ಟೇ ಅಲ್ಲ, ರಾಜ್ಯದ ಗೃಹ ಇಲಾಖೆಯ ಕಾರ್ಯದರ್ಶಿಯೂ ಸಂದೇಶಗಳನ್ನು ತಡೆದು ನೋಡಲು, ಬಿಡಿಸಿ ಓದಲು ಆದೇಶ ಕೊಡಬಹುದು. ಸಹಕರಿಸದವರಿಗೆ ಏಳು ವರ್ಷದವರೆಗೆ ಜೈಲು. 2018ರ ಡಿಸೆಂಬರ್ 20ರಂದು ಕೇಂದ್ರ ಗೃಹ ಸಚಿವಾಲಯ ಈ ಕೆಲಸಕ್ಕೆ ಹತ್ತು ಸಂಸ್ಥೆಗಳನ್ನು ಹೆಸರಿಸಿತು. ಇದಲ್ಲದೆ 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ ಅಡಿ, ತನಿಖೆಗೆ ಬೇಕಾದ ಎಲೆಕ್ಟ್ರಾನಿಕ್ ಸಂವಹನವನ್ನು ಹಾಜರುಪಡಿಸಿ ಎಂದು ಠಾಣೆಯ ಅಧಿಕಾರಿಯೇ ಬರೆದು ಕೇಳಬಹುದು.

ಅಮೆರಿಕದ ಕಂಪನಿಯಾದರೆ ಒಳಗಿನ ಬರಹ ಪಡೆಯಲು ಅಲ್ಲಿನ ಕಾನೂನಿನ ಉದ್ದದ ದಾರಿ ಹಿಡಿಯಬೇಕಾಗುತ್ತದೆ. ಆದರೆ ಖಾತೆ ಯಾರದು, ಯಾವ ಐಪಿಯಿಂದ ಲಾಗಿನ್ ಆಗಿತ್ತು ಎನ್ನುವುದು ಅದಕ್ಕಿಂತ ಬೇಗ ಸಿಗುತ್ತದೆ. ನಮ್ಮ ಸುದ್ದಿಮೂಲದ ಮಟ್ಟಿಗೆ ಅಷ್ಟೇ ಸಾಕು. ಅವರು ಏನು ಬರೆದರು ಎಂಬುದು ಯಾರಿಗೂ ಬೇಕಿಲ್ಲ. ಪಂಚಾಯ್ತಿಯಿಂದ ಪತ್ರಿಕೆಗೆ ಬರೆದವರು ಯಾರು ಎಂಬುದು ಬೇಕು.

ಇನ್ನು ಸರ್ಕಾರಿ ವಿಳಾಸದಿಂದ ನಮಗೆ ಮೇಲ್ ಮಾಡಿ ಎಂದು ನೌಕರರಿಗೆ ಹೇಳುವ ವರದಿಗಾರರೂ ಇದ್ದಾರೆ. ಅವರಿಗೆ ಕೈಮುಗಿಯುತ್ತೇನೆ. ಇಲಾಖೆ ಕೊಟ್ಟ ವಿಳಾಸದ ಮಾಲೀಕರು ಇಲಾಖೆಯೇ. ಕಾಲೇಜು ಕೊಟ್ಟ ವಿಳಾಸಕ್ಕೂ ಇದೇ ಮಾತು.

ಕರ್ನಾಟಕದ್ದೇ ಒಂದು ಪ್ರಕರಣ ಇದನ್ನು ಇನ್ನೊಂದು ಕಡೆಯಿಂದ ತೋರಿಸುತ್ತದೆ. 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಪ್ರೋಟಾನ್ ಮೇಲ್ ಎಂಬ ಸ್ವಿಟ್ಜರ್ಲೆಂಡಿನ ಸೇವೆಯನ್ನು ಭಾರತದಲ್ಲಿ ತಡೆಯಲು ಕ್ರಮ ಶುರು ಮಾಡಿ ಎಂದು ಕೇಂದ್ರ ಸರ್ಕಾರಕ್ಕೆ ಸೂಚಿಸಿದರು. ವಿನ್ಯಾಸ ಕಂಪನಿಯೊಂದರ ಮಹಿಳಾ ಸಿಬ್ಬಂದಿಯ ಬಗ್ಗೆ ಆ ಸೇವೆಯ ಮೂಲಕ ಅಶ್ಲೀಲ ಮೇಲುಗಳು ಬಂದಿದ್ದವು. ಕಳಿಸಿದವರು ಯಾರೆಂದು ತಿಳಿಯದೆ ಕಂಪನಿ ಕೋರ್ಟಿಗೆ ಹೋಗಿತ್ತು. ಆ ಹೆಣ್ಣುಮಕ್ಕಳ ಸಂಕಟ ದೊಡ್ಡದು, ಕಳಿಸಿದವರು ಸಿಕ್ಕಿಬೀಳಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ವರದಿಗಾರರಾಗಿ ಇದರಿಂದ ಕಲಿಯುವುದೊಂದಿದೆ. ಜಿಮೇಲಿನಲ್ಲೂ ಬೆದರಿಕೆ, ಅಶ್ಲೀಲ ಎಲ್ಲ ಹೋಗುತ್ತವೆ. ಜಿಮೇಲನ್ನೇ ತಡೆಯಿರಿ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಕೇಳಿದಾಗ ಉತ್ತರ ಕೊಡಲು ಅಲ್ಲಿ ವ್ಯವಸ್ಥೆ ಇದೆ. ಆ ವ್ಯವಸ್ಥೆ ಅಪರಾಧಿಯನ್ನು ಹಿಡಿಯಲೂ ಬೇಕು, ನಮ್ಮ ಸುದ್ದಿಮೂಲವನ್ನು ಹಿಡಿಯಲೂ ಸಾಕು.

ಹಾಗೆಂದು "ಎಲ್ಲರೂ ಪ್ರೋಟಾನಿಗೆ ಹೋಗಿ" ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಎರಡೂ ಕಡೆಯವರು ಪ್ರೋಟಾನಿನಲ್ಲಿದ್ದರೆ ಒಳಗಿನ ಬರಹ ಕಂಪನಿಗೆ ಕಾಣುವುದಿಲ್ಲ, ನಿಜ. ಆದರೆ ವಿಷಯದ ಸಾಲು ಆ ರಕ್ಷಣೆಯೊಳಗೆ ಬರುವುದಿಲ್ಲ. ಒಂದು ಕಡೆ ಜಿಮೇಲ್ ಇದ್ದರೆ ಮಾಮೂಲಿಯಾಗಿ ಕಳಿಸಿದ ಮೇಲಿನ ಒಂದು ಪ್ರತಿ ಗೂಗಲಿನ ಬೀರುವಿನಲ್ಲಿ ಬಿಚ್ಚಿಯೇ ಇರುತ್ತದೆ. 2021ರಲ್ಲಿ ಫ್ರಾನ್ಸಿನ ಹವಾಮಾನ ಹೋರಾಟಗಾರರೊಬ್ಬರ ಪ್ರಕರಣದಲ್ಲಿ ಸ್ವಿಸ್ ಅಧಿಕಾರಿಗಳ ಆದೇಶ ಬಂದಾಗ ಅದೇ ಪ್ರೋಟಾನ್ ಐಪಿ ವಿಳಾಸವನ್ನು ದಾಖಲಿಸಿ ಕೊಟ್ಟಿತು. ಅಕ್ಷರ ಮುಚ್ಚಬಹುದು. ಯಾರಿಂದ ಯಾರಿಗೆ ಎನ್ನುವುದನ್ನು ಇಮೇಲಿನಲ್ಲಿ ಪೂರ್ತಿ ಮುಚ್ಚುವುದು ಬಹಳ ಕಷ್ಟ.

"ನಮ್ಮ ಮೇಲ್ ಯಾರು ಓದ್ತಾರೆ ಬಿಡಣ್ಣ"

ಇಷ್ಟು ಹೇಳಿದರೆ ಬರುವ ಉತ್ತರ ಇದು. ಹಗರಿಬೊಮ್ಮನಹಳ್ಳಿಯ ವರದಿಗಾರನ ಮೇಲ್ ಓದಲಿಕ್ಕೆ ಗೂಗಲಿಗೆ ಏನು ಕೆಲಸವಿಲ್ಲವೇ, ಗೃಹ ಕಾರ್ಯದರ್ಶಿಗೆ ಬೇರೆ ಚಿಂತೆ ಇಲ್ಲವೇ ಎನ್ನುತ್ತಾರೆ. ಸರಿಯಾದ ಮಾತೇ. ಓದುವವರು ಅವರಲ್ಲ. ನಮ್ಮ ಊರಿನಲ್ಲಿ ಓದುವವರು ಹತ್ತಿರದವರು.

ಜೆರಾಕ್ಸ್ ಅಂಗಡಿಗೆ ಹೋಗಿ ನೋಡಿ. "ಪ್ರಿಂಟ್ ಬೇಕು" ಎಂದರೆ ಗೋಡೆಗೆ ಅಂಟಿಸಿದ ಜಿಮೇಲ್ ವಿಳಾಸ ತೋರಿಸುತ್ತಾರೆ. ಎಲ್ಲರೂ ಅದಕ್ಕೆ ಕಳಿಸುತ್ತಾರೆ. ಇಡೀ ಪೇಟೆಯ ಆಧಾರ್, ಪಹಣಿ, ಅಂಕಪಟ್ಟಿ, ಆಸ್ಪತ್ರೆಯ ರಿಪೋರ್ಟು, ಮಾಹಿತಿ ಹಕ್ಕಿನ ಅರ್ಜಿ ಒಂದೇ ಇನ್‌ಬಾಕ್ಸಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಅಂಗಡಿಯ ಪ್ರತಿ ಹುಡುಗನಿಗೂ ಅದರ ಪಾಸ್‌ವರ್ಡ್ ಗೊತ್ತು. ಹಡಗಲಿ ಕಡೆ ತುಂಗಭದ್ರಾ ದಂಡೆಯ ಮರಳಿನ ಲಾರಿಗಳ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಕೇಳುವವರು ಅರ್ಜಿ ಪ್ರಿಂಟ್ ಹಾಕಿಸುವುದೂ ಇಂಥ ಅಂಗಡಿಯಲ್ಲೇ, ಲಾರಿಯವರು ಪರ್ಮಿಟ್ಟಿನ ಪ್ರತಿ ತೆಗೆಸುವುದೂ ಇಂಥ ಅಂಗಡಿಯಲ್ಲೇ. ಪ್ರತಿ ಮೇಲಿಗೂ `Standard encryption (TLS)` ಇರುತ್ತದೆ. ಆ ಬೀಗ ಅಂಗಡಿಯ ಕಂಪ್ಯೂಟರಿನ ಪರದೆಯ ಹತ್ತಿರ ಮುಗಿಯುತ್ತದೆ. ಪರದೆಯಾಚೆ ಡೌನ್‌ಲೋಡ್ ಫೋಲ್ಡರ್ ಇದೆ, ಮೇಲನ್ನು ಅಳಿಸಿದರೂ ಅದರಲ್ಲಿ ಫೈಲು ಉಳಿದಿರುತ್ತದೆ.

ನಾನು ಜಗಳ ತೆಗೆಯುತ್ತಿರುವುದು ಅಂಗಡಿಯವರ ಮೇಲಲ್ಲ, ಗೂಗಲಿನ ಮೇಲೂ ಅಲ್ಲ. ಅವರು ತಮ್ಮ ಬೀಗದ ಬಗ್ಗೆ ಸುಳ್ಳು ಹೇಳಿಲ್ಲ. "ಸಾಗಣೆಯಲ್ಲಿ" ಎಂದು ಅವರು ಹೇಳಿದ್ದನ್ನು "ಎಲ್ಲೆಲ್ಲೂ" ಎಂದು ಓದಿಕೊಂಡು ಸುದ್ದಿಮೂಲಗಳಿಗೆ ಹೇಳಿದವರು ನಾವು. ತರಗತಿಯಲ್ಲಿ ನಮಗೆ ಸುದ್ದಿಮೂಲದ ಹೆಸರು ಬಿಟ್ಟುಕೊಡಬೇಡಿ ಎಂದು ಕಲಿಸಿದರು. ಹೆಸರನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಮೇಲಿಗೆ ಹಾಕಿ ಎಂದು ಹೇಳಿ ಅವರಿಂದಲೇ ಹೇಳಿಸುತ್ತೇವೆ.

ಹಾಗಾಗಿ ನನ್ನ ಬೇಡಿಕೆ ನಮ್ಮವರ ಮುಂದೆಯೇ ಇದೆ. ಕೆಲಸ ಹೋಗಬಹುದಾದವರ ದಾಖಲೆಯನ್ನು ಮೇಲಿಗೆ ಕೇಳುವುದನ್ನು ನಿಲ್ಲಿಸಿ. ಈ ಐದು ತಾಲ್ಲೂಕು ಬೈಕಿನಲ್ಲಿ ಹೋಗಿಬರುವ ದೂರ. ಎದುರು ಕೂತು ಕಾಗದ ನೋಡಿ, ನಿಮ್ಮ ಫೋನಿನಲ್ಲಿ ಫೋಟೋ ಹಿಡಿದುಕೊಳ್ಳಿ. ಆಗ ಅವರ ವಿಳಾಸದಿಂದ ಏನೂ ಹೊರಟಿರುವುದಿಲ್ಲ.

ಮೇಲ್ ಮಾಡಲೇಬೇಕಾಗಿ ಬಂದರೆ, ಅಂದರೆ ಬೆಂಗಳೂರಿನ ಸಂಪಾದಕರಿಗೆ ನೀವು ಕಳಿಸುವುದಿದ್ದರೆ, ಫೈಲಿಗೇ ಬೀಗ ಹಾಕಿ. 7-ಜಿಪ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ `7z` ರೂಪ ಆರಿಸಿ, ಉದ್ದದ ಪಾಸ್‌ವರ್ಡ್ ಕೊಟ್ಟು, `Encrypt file names` ಎನ್ನುವುದಕ್ಕೆ ಟಿಕ್ ಹಾಕಿ. ಸಾದಾ ಜಿಪ್ಪಿನಲ್ಲಿ ಒಳಗಿನ ಫೈಲುಗಳ ಹೆಸರು ಬಯಲಾಗಿಯೇ ಕಾಣುತ್ತದೆ. ಹೆಸರಿನಲ್ಲೇ ಊರು, ಪಂಚಾಯ್ತಿ, ವ್ಯಕ್ತಿ ಎಲ್ಲ ಬರೆದಿದ್ದರೆ ಬೀಗ ಹಾಕಿ ಏನು ಬಂತು? ಪಾಸ್‌ವರ್ಡನ್ನು ಅದೇ ಮೇಲಿನಲ್ಲಿ ಬರೆಯಬೇಡಿ, ಫೋನ್ ಮಾಡಿ ಬಾಯಲ್ಲಿ ಹೇಳಿ. ವಿಷಯದ ಸಾಲಿನಲ್ಲಿ "ಫೋಟೋಗಳು" ಎಂದಿದ್ದರೆ ಸಾಕು. ಇಷ್ಟು ಮಾಡಿದರೂ ನೀವು ಸಂಪಾದಕರಿಗೆ ಬರೆದಿರಿ ಎಂಬುದು ಕಾಣುತ್ತದೆ. ಪರವಾಗಿಲ್ಲ, ವರದಿಗಾರರು ಸಂಪಾದಕರಿಗೆ ಬರೆಯುವುದು ಗುಟ್ಟೇನಲ್ಲ.

ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಜಿಮೇಲಿನ ಸೆಟ್ಟಿಂಗಿನಲ್ಲಿ `Forwarding and POP/IMAP` ಮತ್ತು `Filters and Blocked Addresses` ಎರಡನ್ನೂ ತೆರೆದು, ನೀವು ಹಾಕದ ವಿಳಾಸ ಕೂತಿದೆಯೇ ನೋಡಿ. ಪತ್ರಿಕೆಗೆ ಸ್ವಂತ ಡೊಮೇನ್ ಇದ್ದರೆ ಸಿಪ್ಯಾನೆಲ್ಲಿನ `Forwarders` ನೋಡಿ, ಪಾಸ್‌ವರ್ಡ್ ಬದಲಿಸಿ ಸಂಪಾದಕರ ಕೈಗೆ ಕೊಡಿ. ಐದು ನಿಮಿಷದ ಕೆಲಸ. ನಾವು ಆ ಐದು ನಿಮಿಷ ಕೊಟ್ಟಿದ್ದರೆ ಒಬ್ಬರ ಕೆಲಸ ಉಳಿಯುತ್ತಿತ್ತೇನೋ.

ಅವರು ಈಗ ಬೇರೆ ಊರಿನಲ್ಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಹೋದ ತಿಂಗಳು ಸಿಕ್ಕಿದ್ದರು. "ಮತ್ತೇನಾದ್ರೂ ಇದ್ರೆ ಹೇಳ್ರಿ" ಎಂದು ಅಭ್ಯಾಸಬಲದಿಂದ ಕೇಳಿಬಿಟ್ಟೆ. ನಕ್ಕು, "ಮೇಲ್ ಮಾಡ್ಲೇನಣ್ಣ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.